34ನೇ ಅಧ್ಯಾಯದ ಜಗಳ

*ಸಂಪಾದಕರೇ, ನನ್ನ ಕಥೆ ವಾಪಸ್ ಬಂತು. ಹಾವು ಮುಂಗುಸಿ ಥರ ಇದ್ದ ಇಬ್ಬರು ಕೊನೆಗೆ ಪ್ರೀತಿಸುವ ಕಥೆ ಅದು. ಇಂಥದ್ದನ್ನು ಎಷ್ಟು ಸಲ ಓದಿದರೂ ನನಗಂತೂ ಬೇಜಾರಾಗುವುದಿಲ್ಲ. ಓದುಗರಿಗೆ ಇಷ್ಟವಾಗುವುದೂ ಅದೇ ಅಲ್ವಾ? ನನ್ನದರಲ್ಲಿ ಏನು ಕಮ್ಮಿಯಾಯಿತು?*
*— ಓದುಗರೊಬ್ಬರು, ಶಿರಸಿ*

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಅಪ್ಪನ ತೋಟದ ಸಾಲದ ಅರ್ಜಿ ತಿರಸ್ಕರಿಸಿದ ಬ್ಯಾಂಕ್ ಅಧಿಕಾರಿಯ ಜೊತೆ ಅವಳು ಕೌಂಟರಿನಲ್ಲೇ ಜಗಳಕ್ಕೆ ನಿಲ್ಲುವ ಪುಟ ತುಂಬಾ ಚೆನ್ನಾಗಿದೆ. ಆಮೇಲೆ ಒಂದು ದಿನ ಮಳೆ, ಬಸ್ಸಿಲ್ಲ. ಅವನು ಬೈಕಿನಲ್ಲಿ ಮನೆಗೆ ಬಿಡುತ್ತಾನೆ. ಮಾರನೇ ದಿನ ಅವಳಿಗೆ ಪ್ರೀತಿ. ನಾನು ಎಡವಿದ್ದು ಅಲ್ಲೇ. ಅವನು ಮಳೆಯಲ್ಲಿ ಉಪಕಾರ ಮಾಡಿದ, ಸರಿ. ಆದರೆ ಅವಳು ಅವನ ಬಗ್ಗೆ ಅಂದುಕೊಂಡಿದ್ದು ನಿಜವೋ ಸುಳ್ಳೋ?

ಈ ಬಗೆಯ ಕಥೆಗಳಿಗೆ ದಾರಿ ಹಾಕಿಕೊಟ್ಟ ಕಾದಂಬರಿಗಳಲ್ಲಿ ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಮುಖ್ಯವಾದದ್ದು. ಬಂದದ್ದು 1813ರಲ್ಲಿ. ಮೊದಲ ಭೇಟಿಯಲ್ಲೇ ನಾಯಕ ಡಾರ್ಸಿ, ನಾಯಕಿ ಎಲಿಜಬೆತ್‌ಗೆ ಕೇಳಿಸುವಂತೆ, ಇವಳೇನು ಅಂಥ ಚೆಲುವೆಯಲ್ಲ ಎಂದುಬಿಡುತ್ತಾನೆ. ಅವಳಿಗೆ ಅದು ಚುಚ್ಚುತ್ತದೆ. ಆಮೇಲೆ ವಿಕಮ್ ಎಂಬ ನಯದ ಮಾತಿನ ಯುವಕ ಬಂದು, ತನಗೆ ಸಿಗಬೇಕಿದ್ದ ಪಾದ್ರಿ ಹುದ್ದೆಯನ್ನು ಡಾರ್ಸಿ ತಪ್ಪಿಸಿದ ಎನ್ನುತ್ತಾನೆ. ಅವಳು ತಕ್ಷಣ ನಂಬುತ್ತಾಳೆ. ನಾವೂ ನಂಬುತ್ತೇವೆ.

34ನೇ ಅಧ್ಯಾಯದಲ್ಲಿ ಡಾರ್ಸಿ ಮದುವೆಯ ಮಾತೆತ್ತುತ್ತಾನೆ. ಅವಳ ಮನೆತನ ತನ್ನ ಅಂತಸ್ತಿಗೆ ಸಾಲದು ಎಂಬುದನ್ನೂ ಜೊತೆಗೇ ಹೇಳುತ್ತಾನೆ! ಅವಳು ಕಡ್ಡಿ ಮುರಿದಂತೆ ಬೇಡ ಎನ್ನುತ್ತಾಳೆ. ಅಕ್ಕನ ಮದುವೆ ಕೆಡಿಸಿದ್ದು, ವಿಕಮ್‌ಗೆ ಮೋಸ ಮಾಡಿದ್ದು, ಎರಡನ್ನೂ ಮುಖಕ್ಕೆ ಹೇಳುತ್ತಾಳೆ. ನೀವು ಸಭ್ಯರಂತೆ ನಡೆದುಕೊಳ್ಳಲಿಲ್ಲ ಎಂದೂ ಅನ್ನುತ್ತಾಳೆ.

ಮರುದಿನ ಅವನು ಒಂದು ಕಾಗದ ಕೊಟ್ಟು ಹೊರಟುಹೋಗುತ್ತಾನೆ. ಅದರಲ್ಲಿರುವುದು ಆ ಎರಡು ಆರೋಪಗಳಿಗೆ ಉತ್ತರ. ವಿಕಮ್ ಆ ಹುದ್ದೆಯ ಬದಲು ಮೂರು ಸಾವಿರ ಪೌಂಡ್ ತೆಗೆದುಕೊಂಡಿದ್ದ. ಆಮೇಲೆ ಹಣದ ಆಸೆಗೆ ಡಾರ್ಸಿಯ ಹದಿನೈದರ ತಂಗಿಯನ್ನು ಓಡಿಸಿಕೊಂಡು ಹೋಗಲು ನೋಡಿದ್ದ. ಅಲ್ಲಿಗೆ ಒಂದು ಆರೋಪ ಬಿತ್ತು. ಇನ್ನೊಂದು ನಿಂತೇ ಇದೆ: ಅಕ್ಕನ ವಿಷಯದಲ್ಲಿ ಅಡ್ಡ ಬಂದದ್ದು ನಿಜ ಎಂದು ಅವನೇ ಒಪ್ಪುತ್ತಾನೆ. ಅವನನ್ನು ಪೂರ್ತಿ ನಿರಪರಾಧಿ ಮಾಡಿದ್ದರೆ ಇದು ಸುಮ್ನೆ ತಪ್ಪು ತಿಳಿವಳಿಕೆಯ ಕಥೆಯಾಗುತ್ತಿತ್ತು.

ಎಲಿಜಬೆತ್ ಆ ಕಾಗದವನ್ನು ಮತ್ತೆ ಮತ್ತೆ ಓದುತ್ತಾಳೆ. ಮೊದಲು ನಂಬುವುದಿಲ್ಲ. ಆಮೇಲೆ ಒಂದು ಮಾತು ಹೊಳೆಯುತ್ತದೆ. ಪರಿಚಯವಾದ ಸ್ವಲ್ಪದರಲ್ಲೇ ವಿಕಮ್ ಮನೆಯ ಗುಟ್ಟನ್ನೆಲ್ಲ ತನ್ನ ಮುಂದೆ ಬಿಚ್ಚಿದನಲ್ಲ, ಅದು ಸರಿಯಲ್ಲ ಎಂದು ಆಗ ಯಾಕೆ ಅನಿಸಲಿಲ್ಲ? ಆ ಮಾತುಕತೆ ನಾವೂ ಓದಿದ್ದೇವೆ, ಸುಮಾರು ಇಪ್ಪತ್ತು ಅಧ್ಯಾಯ ಹಿಂದೆ. ನಮಗೂ ಅನಿಸಲಿಲ್ಲ. ಅವಳ ಜೊತೆ ನಾವೂ ಹಿಂದಿನ ಪುಟಗಳನ್ನು ಬೇರೆ ಕಣ್ಣಿನಿಂದ ನೋಡುತ್ತೇವೆ. ನಿಮಗೂ ನನಗೂ ಇಂಥ ಕಥೆಗಳಲ್ಲಿ ಸಿಗುವ ಖುಷಿಯ ಜಾಸ್ತಿ ಪಾಲು ಇಲ್ಲಿಂದ ಬರುತ್ತದೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಇನ್ನೊಂದು ಪಾಲು ನಿರಾಳದ್ದು. ಬೇರೆ ಪ್ರೇಮಕಥೆಗಳಲ್ಲಿ ನನ್ನ ಕೆಟ್ಟ ಗುಣ ಗೊತ್ತಾದರೆ ಏನು ಗತಿ ಎಂಬ ಅಳುಕು ಇರುತ್ತದೆ. ಇಲ್ಲಿ ಇಬ್ಬರೂ ಅದನ್ನು ಮೊದಲೇ ಮುಖಕ್ಕೆ ಹೇಳಿಯಾಗಿದೆ. ಮುಚ್ಚಿಡಲು ಏನೂ ಉಳಿದಿಲ್ಲ.

ಆದರೆ ಬದಲಾದೆ ಎಂದು ಬಾಯಲ್ಲಿ ಹೇಳಿದರೆ ಓದುಗರು ನಂಬುವುದಿಲ್ಲ. ಎಲಿಜಬೆತ್‌ಳ ಚಿಕ್ಕ ತಂಗಿ ವಿಕಮ್ ಜೊತೆ ಓಡಿಹೋದಾಗ ಡಾರ್ಸಿ ಲಂಡನ್ನಿಗೆ ಹೋಗಿ ಅವರನ್ನು ಹುಡುಕುತ್ತಾನೆ. ತಾನು ದ್ವೇಷಿಸುವ ವಿಕಮ್‌ನ ಸಾವಿರ ಪೌಂಡಿಗೂ ಮೀರಿದ ಸಾಲ ತೀರಿಸಿ ಮದುವೆ ಮಾಡಿಸುತ್ತಾನೆ. ಎಲಿಜಬೆತ್‌ಗೆ ಇದು ಗೊತ್ತಾಗಬಾರದು ಎಂಬುದು ಅವನ ಆಸೆ. ಗೊತ್ತಾಗುವುದು ಆ ತಂಗಿ ಬಾಯಿ ತಪ್ಪಿ ಆಡಿದ ಮಾತಿನಿಂದ, ಆಮೇಲೆ ಸೋದರಮಾವನ ಹೆಂಡತಿ ಬರೆದ ಕಾಗದದಿಂದ. ಯಾರೂ ನೋಡದಾಗ ಮಾಡಿದ್ದಕ್ಕೇ ನಾವು ನಂಬುತ್ತೇವೆ.

ಇನ್ನೊಂದು ಮಾತು, ಇದು ನಿಮ್ಮ ಕಥೆಗೆ ಸೇರಿದ್ದಲ್ಲ. ನಾಯಕಿಯ ಕೈ ಹಿಡಿದೆಳೆಯುವ, ಬೇಡ ಎಂದರೂ ಬೆನ್ನು ಹತ್ತುವ ನಾಯಕರ ಕಥೆಗಳು ನಮ್ಮ ಮೇಜಿಗೆ ಬರುತ್ತಲೇ ಇರುತ್ತವೆ. ಅವನ್ನು ನಾನು ಪ್ರಕಟಿಸುವುದಿಲ್ಲ. ಡಾರ್ಸಿಯದು ಅಹಂಕಾರ, ಹಿಂಸೆಯಲ್ಲ. ಎರಡನೇ ಸಲ ಕೇಳುವಾಗ, ಬೇಡ ಎಂದು ಒಂದು ಮಾತು ಹೇಳಿದರೆ ಮತ್ತೆಂದೂ ಈ ವಿಷಯ ಎತ್ತುವುದಿಲ್ಲ ಎನ್ನುತ್ತಾನೆ.

ನಿಮ್ಮ ಬ್ಯಾಂಕ್ ಅಧಿಕಾರಿಗೆ ಬರೋಣ. ಅಪ್ಪನ ಫೈಲನ್ನು ಅವನು ಯಾಕೆ ತಿರಸ್ಕರಿಸಿದ? ಪಹಣಿಯಲ್ಲಿ ಏನಾದರೂ ತೊಡಕಿತ್ತಾ? ಅಪ್ಪ ಮಗಳಿಗೆ ಹೇಳದೆ ಬೇರೆ ಕಡೆ ಸಾಲ ಮಾಡಿದ್ದರಾ? ಅದನ್ನು ಮುಖ ಕೊಟ್ಟು ವಿವರಿಸದೆ ಫೈಲನ್ನು ಕೌಂಟರಿನಾಚೆ ತಳ್ಳಿದ್ದು ಅವನ ತಪ್ಪು, ಅದು ತಪ್ಪಾಗಿಯೇ ಇರಲಿ. ಮಳೆಯನ್ನು ಬಿಟ್ಟುಬಿಡಿ. ಅವಳು ಒಬ್ಬಳೇ ಕೂತು ಆ ಫೈಲ್ ತೆರೆಯುವ ಪುಟ ಬರೆದು ಕಳಿಸಿ, ಕಥೆಯನ್ನು ಮತ್ತೆ ಓದುತ್ತೇನೆ.

— ಸಂ.