ದಿಂಬು ಗೋದಾಮಿಗೆ ಬೇಡ, ಕವರ್ ಹೋಗಲಿ

ಪ್ರಶ್ನೆ: ತುಮಕೂರಿನಲ್ಲಿ ಬೂರುಗದ ಹತ್ತಿ ದಿಂಬು ಮತ್ತು ದಿಂಬಿನ ಕವರ್ ಮಾಡಿ ಅಮೆಜಾನ್‌ನಲ್ಲಿ ಮಾರುತ್ತೇನೆ. ಎರಡೂ ತಿಂಗಳಿಗೆ ನಲವತ್ತರಂತೆ ಹೋಗುತ್ತವೆ. ಪ್ಯಾಕಿಂಗ್ ಮಾಡಿ ಸಾಕಾಗಿದೆ ಸರ್. ಎಲ್ಲಾ ಎಫ್‌ಬಿಎಗೆ, ಅಂದರೆ ಅಮೆಜಾನ್‌ನವರ ಗೋದಾಮಿಗೆ, ಹಾಕಿಬಿಡಲಾ?

ಎಲ್ಲಾ ಹಾಕಬೇಡಿ. ಈ ಪ್ರಶ್ನೆ ಕೇಳುವವರೆಲ್ಲ ಕಮಿಷನ್ ಎಷ್ಟು, ಡೆಲಿವರಿ ಚಾರ್ಜ್ ಎಷ್ಟು ಅಂತ ಕೂಡಿಸುತ್ತಾರೆ. ಪೆಟ್ಟಿಗೆ ಎಷ್ಟು ಜಾಗ ತಿನ್ನುತ್ತದೆ ಅಂತ ಯಾರೂ ಅಳೆಯುವುದಿಲ್ಲ. ದುಡ್ಡು ಸೋರುವುದು ಅಲ್ಲೇ.

ಮೊದಲು ಟೇಪ್ ತಗೊಳ್ಳಿ. ಪ್ಯಾಕ್ ಮಾಡಿದ ದಿಂಬು 60 ಸೆಂ.ಮೀ. ಉದ್ದ, 40 ಅಗಲ, 15 ದಪ್ಪ ಇದೆ ಅಂದುಕೊಳ್ಳೋಣ. ಮೂರನ್ನೂ ಗುಣಿಸಿ 5000ರಿಂದ ಭಾಗಿಸಿದರೆ 7.2 ಕಿಲೋ. ತಕ್ಕಡಿಯಲ್ಲಿ ಅದು ಒಂದೂವರೆ ಕಿಲೋ ತೂಗಬಹುದು, ಆದರೆ ಬಿಲ್ ಆಗುವುದು 7.2ಕ್ಕೇ. ಇದಕ್ಕೆ ವಾಲ್ಯೂಮೆಟ್ರಿಕ್ ತೂಕ ಅನ್ನುತ್ತಾರೆ. ಗೋದಾಮಿನಿಂದ ಹೋದರೂ, ನಿಮ್ಮ ಮನೆಯಿಂದ ಅಮೆಜಾನ್‌ನದೇ ಪಿಕಪ್ ಸೇವೆ ಈಸಿ ಶಿಪ್‌ನವರು ಒಯ್ದರೂ ಈ ಲೆಕ್ಕ ತಪ್ಪುವುದಿಲ್ಲ. ಹಾಗಾಗಿ ಇವೆರಡರಲ್ಲಿ ಯಾವುದು ಅಂತ ತೀರ್ಮಾನಿಸುವಾಗ ತೂಕವನ್ನು ಬದಿಗಿಡಿ, ಎರಡರ ಡೆಲಿವರಿ ದರ ಮಾತ್ರ ಹೋಲಿಸಿ ನೋಡಿ.

ಯಾರೂ ಅಳೆಯದ ವ್ಯತ್ಯಾಸ ಬರುವುದು ಬಾಡಿಗೆಯಲ್ಲಿ. ಗೋದಾಮಿನಲ್ಲಿ ಘನ ಅಡಿ ಲೆಕ್ಕದಲ್ಲಿ ತಿಂಗಳ ಬಾಡಿಗೆ. ದರ ಆಗಾಗ ಬದಲಾಗುತ್ತದೆ, ಲೆಕ್ಕಕ್ಕೆ 45 ರೂಪಾಯಿ ಅಂತಿಟ್ಟುಕೊಳ್ಳಿ. ನಿಮ್ಮ ಒಂದು ದಿಂಬು ಸುಮಾರು 1.27 ಘನ ಅಡಿ, ಅಂದರೆ ತಿಂಗಳಿಗೆ 57 ರೂಪಾಯಿ. ಲಾರಿ ಬಾಡಿಗೆ ಉಳಿಸೋಣ ಅಂತ ಮೂರು ತಿಂಗಳ ಮಾಲು, 120 ದಿಂಬು, ಒಟ್ಟಿಗೆ ಕಳಿಸುತ್ತೀರಿ. ಅವು ಸರಾಸರಿ ಒಂದೂವರೆ ತಿಂಗಳು ಕೂತಿರುತ್ತವೆ. ದಿಂಬಿಗೆ 85 ರೂಪಾಯಿ ಬರೀ ಕೂತಿದ್ದಕ್ಕೇ ಹೋಯಿತು. ಗೋದಾಮಿನವರು ಎತ್ತಿ ಪ್ಯಾಕ್ ಮಾಡುವುದಕ್ಕೆ ಪಿಕ್ ಆಂಡ್ ಪ್ಯಾಕ್ ಶುಲ್ಕ ಬೇರೆ. ಮಾರಾಟ ಅರ್ಧಕ್ಕೆ ಇಳಿದರೆ ಬಾಡಿಗೆ 170.

ಕವರ್ ಹಾಗಲ್ಲ. ಮಡಚಿದರೆ 25, 20, 3 ಸೆಂ.ಮೀ. ಅದೇ ದರದಲ್ಲಿ, ಅದೇ ಒಂದೂವರೆ ತಿಂಗಳಿಗೆ ಮೂರೂವರೆ ರೂಪಾಯಿ ಚಿಲ್ಲರೆ. ಅದನ್ನು ಧಾರಾಳವಾಗಿ ಗೋದಾಮಿಗೆ ಹಾಕಿ. ನಿಮ್ಮ ಪ್ಯಾಕಿಂಗ್ ಅರ್ಧ ಕಮ್ಮಿಯಾಯಿತು.

ದಿಂಬನ್ನು ಮನೆಯಲ್ಲೇ ಇಟ್ಟು ಈಸಿ ಶಿಪ್‌ನಲ್ಲಿ ಕಳಿಸಿ. ನಿಮ್ಮ ಪಿನ್‌ಕೋಡ್‌ಗೆ ಪಿಕಪ್ ಇದೆಯಾ ಅಂತ ಮೊದಲು ನೋಡಿ. ಗಾಳಿ ಎಳೆದು ಚಪ್ಪಟೆ ಮಾಡಿದರೆ ಬಾಡಿಗೆ ಉಳಿಯುತ್ತದೆ ಅನ್ನುವ ಬುದ್ಧಿವಂತರಿದ್ದಾರೆ. ಬೂರುಗದ ಹತ್ತಿ ತಿಂಗಳುಗಟ್ಟಲೆ ಒತ್ತಿಕೊಂಡಿದ್ದರೆ ಗಂಟುಕಟ್ಟುತ್ತದೆ. ಆಮೇಲೆ ರಿಟರ್ನ್ ಎಣಿಸುತ್ತಾ ಕೂರಬೇಕು.

ರಿಟರ್ನ್ ಕೂಡ ಒಂದು ಕಾರಣವೇ. ಬಿಚ್ಚಿದ ದಿಂಬು ಗೋದಾಮಿಗೆ ವಾಪಸ್ ಹೋದರೆ ‘ಮಾರಲಾಗದ್ದು’ ಅಂತ ಪಕ್ಕಕ್ಕಿಡುತ್ತಾರೆ. ಅದನ್ನು ಹೊರಗೆ ತರಿಸಿಕೊಳ್ಳಲೂ ಶುಲ್ಕ. ಮನೆಗೇ ಬಂದರೆ ಹೊದಿಕೆ ಬದಲಿಸಬೇಕಾ, ಹತ್ತಿಯನ್ನೇ ಬಿಸಾಡಬೇಕಾ ಅಂತ ನೀವೇ ನೋಡಬಹುದು.

ಮನೆಯಿಂದ ಕಳಿಸುವುದಕ್ಕೂ ಶಿಸ್ತು ಬೇಕು. ನಿಮ್ಮಿಂದ ರದ್ದಾದ ಆರ್ಡರ್ 2.5%, ತಡವಾಗಿ ಹೊರಟದ್ದು 4% ದಾಟಿದರೆ ಖಾತೆಗೇ ಕುತ್ತು. ನಲವತ್ತು ಆರ್ಡರ್‌ನಲ್ಲಿ ಎರಡು ತಡವಾದರೆ ಆಗಲೇ 5%. ಮದುವೆಗೋ ಜಾತ್ರೆಗೋ ಹೊರಡುವ ಮುಂಚೆ ರಜೆಯ ಸೆಟ್ಟಿಂಗ್ ಹಾಕಿ ಹೋಗಿ.

ಇನ್ನು ಜಿಎಸ್‌ಟಿ. ಬೆಂಗಳೂರಿನ ಗೋದಾಮಾದರೆ ಅದರ ವಿಳಾಸವನ್ನು ನಿಮ್ಮ ಕರ್ನಾಟಕದ ನೋಂದಣಿಯಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳ ಅಂತ ಸೇರಿಸಬೇಕು. ಅದೇ ಜಿಎಸ್‌ಟಿ ನಂಬರ್ ಆದ್ದರಿಂದ ಡೆಲಿವರಿ ಚಲನ್ ಮೇಲೆ ಮಾಲು ಹೋಗುತ್ತದೆ, ತೆರಿಗೆ ಬೀಳುವುದಿಲ್ಲ. ಮೌಲ್ಯ 50,000 ದಾಟಿದರೆ ಇ-ವೇ ಬಿಲ್ ಬೇಕು. ಹೈದರಾಬಾದ್ ಗೋದಾಮಾದರೆ ತೆಲಂಗಾಣದಲ್ಲಿ ಬೇರೆಯೇ ನೋಂದಣಿ, ಬೇರೆ ರಿಟರ್ನ್ ಸಲ್ಲಿಕೆ, ಕಳಿಸುವಾಗಲೇ ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿ. ತಿಂಗಳಿಗೆ ನಲವತ್ತು ಕವರ್ ಮಾರುವವರಿಗೆ ಆ ಉಸಾಬರಿ ಯಾಕೆ?

ಪ್ರಶ್ನೆ: ಎಫ್‌ಬಿಎಗೆ ಹಾಕಿ ಪ್ರೈಮ್ ಬ್ಯಾಡ್ಜ್ ಬಂದರೆ ಮಾರಾಟ ದುಪ್ಪಟ್ಟಾಗುತ್ತಂತೆ, ನಿಜವಾ?

ಅಂಥ ಗ್ಯಾರಂಟಿ ಯಾರೂ ಕೊಡಲಾರರು. ಒಂದೇ ವಸ್ತುವನ್ನು ಹತ್ತು ಜನ ಮಾರುವಾಗ ಬ್ಯಾಡ್ಜ್ ಇದ್ದವರು ಮುಂದೆ ಬರುವ ಸಾಧ್ಯತೆ ಜಾಸ್ತಿ. ನಿಮ್ಮದೇ ಬ್ರ್ಯಾಂಡ್, ನೀವೊಬ್ಬರೇ ಮಾರುವವರು ಅಂದರೆ ಆ ಪೈಪೋಟಿಯೇ ಇಲ್ಲ ಅಲ್ವಾ?

ಪ್ರಶ್ನೆ: ಎಫ್‌ಬಿಎ ಕಲಿಸುವ ಕೋರ್ಸ್‌ಗೆ 15,000 ಕೇಳುತ್ತಿದ್ದಾರೆ. ಸೇರಲಾ?

ಬೇಡ. ದರಪಟ್ಟಿ, ಶುಲ್ಕ ಲೆಕ್ಕ ಹಾಕುವ ಕ್ಯಾಲ್ಕುಲೇಟರ್ ಎರಡೂ ಅಮೆಜಾನ್‌ನಲ್ಲಿ ಸುಮ್ನೆ ಸಿಗುತ್ತವೆ.

ಪ್ರಶ್ನೆ: ಜಿಎಸ್‌ಟಿ ಇಲ್ಲದೆ ಗೋದಾಮಿಗೆ ಹಾಕಿಸಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ ಹೇಳಿದ. ಆಗುತ್ತಾ?

ಆಗಲ್ಲ. ಅವನು ಬೇರೆ ಯಾರದೋ ನಂಬರ್ ಮೇಲೆ ನಿಮ್ಮ ಮಾಲು ಇಡುತ್ತಾನೆ. ನಾಳೆ ತಕರಾರು ಬಂದರೆ ಅದು ನಿಮ್ಮದು ಅನ್ನಲು ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.