ಅನುಮಾನ ಬಂದಾಗ ಡಿಸೆಕ್ಷನ್ ಅಂತ ಬರೆಯೋದು ಸೇಫ್ ಅಲ್ಲ

ಪ್ರಶ್ನೆ: ನಾನು ರೇಡಿಯಾಲಜಿ ಮೊದಲ ವರ್ಷದ ಪಿಜಿ. ಎದೆಯ ಕಾಂಟ್ರಾಸ್ಟ್ ಸಿಟಿಯಲ್ಲಿ ಅಸೆಂಡಿಂಗ್ ಅಯೋರ್ಟಾ ಒಳಗೆ ಗೆರೆ ಕಂಡರೆ ಅದು ಮೋಷನ್ ಆರ್ಟಿಫ್ಯಾಕ್ಟೋ ನಿಜವಾದ ಡಿಸೆಕ್ಷನ್ನೋ ಗೊತ್ತಾಗಲ್ಲ. ಅನುಮಾನ ಇದ್ದಾಗ ಡಿಸೆಕ್ಷನ್ ಅಂತಲೇ ಬರೆದುಬಿಡೋದು ಸೇಫ್ ಅಲ್ವಾ?

ಅಲ್ಲ. ನಾನು ಹಾಗೆ ಬರೆದಿದ್ದಕ್ಕೆ ಒಬ್ಬರಿಗೆ ಹಾರ್ಟ್ ಅಟ್ಯಾಕ್‌ನ ಚಿಕಿತ್ಸೆ ಆರು ಗಂಟೆ ತಡವಾಯಿತು.

ಆಗ ನಾನು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ರಾತ್ರಿ ರಿಪೋರ್ಟ್ ಮಾಡುತ್ತಿದ್ದೆ. ಆಲೆಮನೆಯಲ್ಲಿ ಕೆಲಸ ಮಾಡುವ, ಅರವತ್ತರ ಹತ್ತಿರದ ಒಬ್ಬರನ್ನು ಒಂಬತ್ತು ಗಂಟೆ ಸುಮಾರಿಗೆ ಕರೆತಂದರು. ಎದೆನೋವು ಬೆನ್ನಿಗೂ ಹರಡಿತ್ತು, ಬಿಪಿ ಜಾಸ್ತಿ ಇತ್ತು, ಇಸಿಜಿಯಲ್ಲಿ ಸಣ್ಣಪುಟ್ಟ ಬದಲಾವಣೆ ಬಿಟ್ಟರೆ ಏನಿಲ್ಲ, ಆದರೆ ಟ್ರೋಪೋನಿನ್ ಪಾಸಿಟಿವ್. ಫಿಸಿಷಿಯನ್ ಫೋನ್ ಮಾಡಿ, "ಹೆಪಾರಿನ್ ಶುರು ಮಾಡಬೇಕು ಡಾಕ್ಟ್ರೇ, ಬೆನ್ನುನೋವು ಇದೆಯಲ್ಲ, ಡಿಸೆಕ್ಷನ್ ಇಲ್ಲ ಅಂತ ನೀವು ಹೇಳಿದ ಮೇಲೆ ಕೊಡ್ತೀನಿ" ಅಂದರು. ಮಹಾಪಧಮನಿಯ ಒಳಪದರ ಸೀಳಿದ್ದರೆ ರಕ್ತ ತೆಳುವಾಗಿಸುವ ಔಷಧಿ ಪ್ರಾಣಕ್ಕೇ ಕುತ್ತು. ಸೀಳಿಲ್ಲದೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಅದೇ ಔಷಧಿ ಬೇಕು. ಅಂದರೆ ಆ ರಾತ್ರಿ ನನ್ನ ಒಂದು ಮಾತು ಎರಡು ಕಡೆಗೂ ಕತ್ತಿಯಾಗಿತ್ತು. ನಿಮ್ಮ "ಸೇಫ್" ಅನ್ನೋ ಕಡೆ ಅಲ್ಲಿ ಇರಲೇ ಇಲ್ಲ.

ಅಯೋರ್ಟಾದ ಬುಡದ ಮೇಲೆ, ಎಡ ಮುಂಭಾಗದಲ್ಲಿ, ಬಿಲ್ಲಿನಂತೆ ಬಾಗಿದ ಒಂದು ಗೆರೆ ಇತ್ತು. ಎದುರು ಬದಿಯಲ್ಲಿ, ಬಲ ಹಿಂಭಾಗದಲ್ಲಿ, ಅದರ ಜೋಡಿಯಂತೆ ಇನ್ನೊಂದು. ಐದು ಮಿಲಿಮೀಟರ್‌ನ ಮೂರು ಸ್ಲೈಸ್‌ಗಳಲ್ಲಿ ಕಂಡಿತು. ಸ್ವಲ್ಪ ಮೇಲೆ ಹೋದರೆ ಅಯೋರ್ಟಾಗೆ ಅಡ್ಡಲಾಗಿ ನೆಟ್ಟಗಿನ ಇನ್ನೊಂದು ಕಪ್ಪು ಗೆರೆ. ಸೀಳಿದ ಒಳಪದರ, ಅಂದರೆ ಫ್ಲ್ಯಾಪ್, ಮೇಲಕ್ಕೂ ಮುಂದುವರಿದಿದೆ ಅಂದುಕೊಂಡೆ. ಟೈಪ್ ಎ ಡಿಸೆಕ್ಷನ್ ಅಂತ ಬರೆದು, ಫೋನ್‌ನಲ್ಲೂ ಹೇಳಿದೆ. ಹೆಪಾರಿನ್ ಶುರುವಾಗಲಿಲ್ಲ. ಮನೆಯವರು ಆಂಬುಲೆನ್ಸ್ ಮಾಡಿಕೊಂಡು, ಶ್ರೀರಂಗಪಟ್ಟಣ ದಾಟಿ, ನಡುರಾತ್ರಿ ಮೈಸೂರಿನ ಒಂದು ಹೃದಯದ ಆಸ್ಪತ್ರೆಗೆ ಮುಟ್ಟಿದರು.

ಅಲ್ಲಿ ಎಕೋ ಮಾಡಿದರು, ಆಮೇಲೆ ಹೃದಯದ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವ ಇಸಿಜಿ ಗೇಟಿಂಗ್ ಹಾಕಿ ಸಿಟಿ ಮತ್ತೆ ಮಾಡಿದರು. ಅಯೋರ್ಟಾ ಒಳಗೆ ಗೆರೆಯೇ ಇಲ್ಲ. ಹೆಪಾರಿನ್ ಶುರುವಾದಾಗ ಬೆಳಗಿನ ಜಾವ ನಾಲ್ಕಾಗಿತ್ತು. ಬೆಳಗ್ಗೆ ಆಂಜಿಯೋಗ್ರಾಂನಲ್ಲಿ ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿದ್ದು ಸಿಕ್ಕಿತು, ಸ್ಟೆಂಟ್ ಹಾಕಿದರು. ಅವರು ಸಕ್ಕರೆ ಕಾಯಿಲೆಯವರು. ಒಂದೇ ರಾತ್ರಿಯಲ್ಲಿ ಎರಡು ಸಲ ಸಿಟಿ ಕಾಂಟ್ರಾಸ್ಟ್, ಆಮೇಲೆ ಆಂಜಿಯೋದ್ದು. ಕ್ರಿಯಾಟಿನಿನ್ 1.3 ಇದ್ದದ್ದು 1.9ಕ್ಕೆ ಏರಿತು, ಇಳಿಯುವ ತನಕ ಡಿಸ್ಚಾರ್ಜ್ ಇಲ್ಲ. ಅದು ಕಾಂಟ್ರಾಸ್ಟ್‌ನಿಂದಲೇ ಅಂತ ಆಣೆ ಮಾಡಿ ಹೇಳಲಾರೆ, ಆದರೆ ಎರಡನೇ ಸಿಟಿ ನನ್ನ ರಿಪೋರ್ಟ್‌ನಿಂದಲೇ ಆಗಿದ್ದು.

ಈಗ ನನ್ನ ತಪ್ಪಿನ ವಿಷಯ. ಇದನ್ನು ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಸುಳಿವೆಲ್ಲ ನನ್ನ ಪರದೆಯ ಮೇಲೇ ಇತ್ತು.

ನಮ್ಮ ಮೆಷಿನ್‌ನ ಗ್ಯಾಂಟ್ರಿ ಒಂದು ಸುತ್ತು ಬರಲು 0.75 ಸೆಕೆಂಡ್. ಅವರ ನಾಡಿ 100. ಅಂದರೆ ಒಂದು ಬಡಿತಕ್ಕೆ 0.6 ಸೆಕೆಂಡ್. ಗ್ಯಾಂಟ್ರಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಹೃದಯ ಪೂರಾ ಒಂದು ಸಲ ಬಡಿದು, ಇನ್ನೊಂದಕ್ಕೆ ಕೈ ಹಾಕಿರುತ್ತದೆ. ಪ್ರತಿ ಬಡಿತಕ್ಕೂ ಅಯೋರ್ಟಾದ ಬುಡ ಕೆಳಕ್ಕೆ ಜಗ್ಗಿ, ಸ್ವಲ್ಪ ತಿರುಗುತ್ತದೆ. ಒಂದೇ ಗೋಡೆಯನ್ನು ಮೆಷಿನ್ ಎರಡು ಜಾಗದಲ್ಲಿ ನೋಡಿ, ಎರಡನ್ನೂ ಒಂದೇ ಚಿತ್ರದಲ್ಲಿ ಕೂರಿಸುತ್ತದೆ. ಆ ಎರಡನೇ ಅಂಚೇ ನನಗೆ ಫ್ಲ್ಯಾಪ್ ಆಗಿ ಕಂಡಿದ್ದು. ಎಡ ಮುಂದೆ, ಬಲ ಹಿಂದೆ ಅನ್ನೋ ಜೋಡಿ ಇದರ ಹಳೇ ಗುರುತು. ನನಗೆ ಅದು ಪರೀಕ್ಷೆಗೆ ಓದಿದ್ದು ನೆನಪಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ.

ನಾನು ಅಯೋರ್ಟಾ ಒಂದನ್ನೇ ನೋಡುತ್ತಿದ್ದೆ. ಅದೇ ಸ್ಲೈಸ್‌ನಲ್ಲಿ ಪಕ್ಕದ ಪಲ್ಮನರಿ ಆರ್ಟರಿಗೂ ಎರಡು ಅಂಚು ಇತ್ತು, ಕೆಳಗೆ ಎಡ ವೆಂಟ್ರಿಕಲ್‌ನ ಗೋಡೆಗೂ ಇತ್ತು. ಡಿಸೆಕ್ಷನ್ ಪಕ್ಕದ ನಾಳಕ್ಕೆ, ಹೃದಯದ ಅಂಚಿಗೆ ಹಾಗೆ ಜೋಡಿ ಗೆರೆ ಎಳೆಯುವುದಿಲ್ಲ. ಅಲ್ಲಾಡಿದ್ದು ಇಡೀ ಹೃದಯ ಅಂತ ಅದೊಂದೇ ಸಾಕಿತ್ತು ಹೇಳಲು. ಒಂದು ಮಿಲಿಮೀಟರ್ ಸ್ಲೈಸ್‌ಗಳು ಕನ್ಸೋಲ್‌ನಲ್ಲೇ ಇದ್ದವು, ತರಿಸಲಿಲ್ಲ. ಮಾರನೇ ದಿನ ತೆರೆದು ನೋಡಿದೆ: ಗೆರೆ ನಾಲ್ಕೈದು ಸ್ಲೈಸ್ ಇರುತ್ತದೆ, ಮಾಯವಾಗುತ್ತದೆ, ಮತ್ತೆ ಬರುತ್ತದೆ. ಕೊರೊನಲ್‌ನಲ್ಲಿ ಅಯೋರ್ಟಾದ ಅಂಚು ಮೆಟ್ಟಿಲು ಮೆಟ್ಟಿಲಾಗಿತ್ತು, ಹೃದಯದ ಅಂಚೂ ಅದೇ ತಾಳಕ್ಕೆ ಮೆಟ್ಟಿಲಾಗಿತ್ತು. ನಿಜವಾದ ಫ್ಲ್ಯಾಪ್ ಸಾಮಾನ್ಯವಾಗಿ ಸ್ಲೈಸ್‌ನಿಂದ ಸ್ಲೈಸ್‌ಗೆ ಬಟ್ಟೆಯ ಮಡಿಕೆಯ ಹಾಗೆ ಎಡೆಬಿಡದೆ ಸಾಗುತ್ತದೆ, ಎರಡು ಬದಿಯ ಕಾಂಟ್ರಾಸ್ಟ್ ಒಂದೇ ಸಮನಾಗಿರದೇ ಇರಬಹುದು.

ಇನ್ನು ಮೇಲಿದ್ದ ಆ ನೆಟ್ಟಗಿನ ಗೆರೆ. ಅದರ ಕಾರಣ ಬೇರೆ, ಅದಕ್ಕೇ ನಾನು ಎರಡು ಸಲ ಮೋಸಹೋದೆ. ಪಕ್ಕದ ಸುಪೀರಿಯರ್ ವೀನಾ ಕೇವಾದಲ್ಲಿ ಕಾಂಟ್ರಾಸ್ಟ್ ದಟ್ಟವಾಗಿ ನಿಂತಿತ್ತು. ಎಕ್ಸ್‌ರೇ ಕಿರಣದಲ್ಲಿ ಕಡಿಮೆ ಶಕ್ತಿಯವು ಅಂಥ ದಟ್ಟ ವಸ್ತುವಿನಲ್ಲಿ ಮೊದಲೇ ಹೀರಿಹೋಗಿ, ಗಟ್ಟಿ ಕಿರಣ ಮಾತ್ರ ಆಚೆ ಬರುತ್ತದೆ. ಅದು ಹೆಚ್ಚು ತೂರಿ ಬರುವುದರಿಂದ ಆ ದಾರಿಯಲ್ಲಿದ್ದ ಅಂಗಾಂಶ ನಿಜಕ್ಕಿಂತ ತೆಳು ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಕಪ್ಪು ಪಟ್ಟಿ ಎಳೆಯುತ್ತದೆ. ಇದೇ ಬೀಮ್ ಹಾರ್ಡನಿಂಗ್. ಗೆರೆಯನ್ನು ಬೆರಳಿಟ್ಟು ಹಿಂದಕ್ಕೆ ಅನುಸರಿಸಿದ್ದರೆ, ಅಯೋರ್ಟಾದ ಗೋಡೆ ದಾಟಿ ನೆಟ್ಟಗೆ ವೀನಾ ಕೇವಾಗೆ ಹೋಗಿ ಸೇರುತ್ತಿತ್ತು. ಫ್ಲ್ಯಾಪ್ ಗೋಡೆಯ ಒಳಗೇ ಇರುತ್ತದೆ, ಆಚೆ ದಾಟುವುದಿಲ್ಲ. ಕಾಂಟ್ರಾಸ್ಟ್ ಹಿಂದೆ ಸಲೈನ್ ತಳ್ಳಿದ್ದರೆ ಆ ಗೆರೆ ಬಹುಮಟ್ಟಿಗೆ ಬರುತ್ತಲೇ ಇರಲಿಲ್ಲ. ಬೇರೆ ಬೇರೆ ಕಾರಣದ ಎರಡು ಗೆರೆಗಳನ್ನು ನಾನು ಒಂದಕ್ಕೊಂದು ಸಾಕ್ಷಿ ಮಾಡಿಕೊಂಡೆ.

ನನ್ನ ಕಥೆ ಕೇಳಿ ಬುಡದ ಗೆರೆಯೆಲ್ಲ ಆರ್ಟಿಫ್ಯಾಕ್ಟ್ ಅಂತ ತಳ್ಳಿಹಾಕಲೂ ಬೇಡಿ. ಬುಡದಲ್ಲೇ ಸೀಮಿತವಾದ ನಿಜವಾದ ಸೀಳೂ ಇರುತ್ತದೆ. ಹೃದಯದ ಸುತ್ತ ನೀರು, ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್‌ನಲ್ಲಿ ಗೋಡೆಯೊಳಗೆ ಅರ್ಧಚಂದ್ರದಂತೆ ಬಿಳಿಯ ರಕ್ತ, ಒಳಕ್ಕೆ ಸರಿದ ಕ್ಯಾಲ್ಸಿಯಂ, ಇವುಗಳಲ್ಲಿ ಒಂದು ಕಂಡರೂ ಮೊದಲು ಡಿಸೆಕ್ಷನ್ ಅಂತಲೇ ನಡೆಯಿರಿ. ಇವು ಯಾವುದೂ ಇಲ್ಲ, ಪಲ್ಮನರಿ ಆರ್ಟರಿಗೂ ಜೋಡಿ ಅಂಚಿದೆ ಅಂದರೆ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡಿ. "ಪಲ್ಸೇಷನ್ ಆರ್ಟಿಫ್ಯಾಕ್ಟ್ ಸಾಧ್ಯತೆ ಹೆಚ್ಚು, ಕಾರಣ ಇದು, ಈಗಲೇ ಎಕೋ ಅಥವಾ ಗೇಟೆಡ್ ಸಿಟಿಯಿಂದ ಖಚಿತಪಡಿಸಿ" ಅಂತ ಬರೆದು, ಫೋನ್ ಎತ್ತಿಕೊಂಡು ಅದೇ ಮಾತನ್ನು ಹೇಳಿ.

ನಾನಂತೂ ಈಗ ಎದೆನೋವಿನ ಕೇಸ್ ಬಂತೆಂದರೆ ಮೊದಲು ಟೆಕ್ನೀಷಿಯನ್‌ಗೆ ಮೂರು ಮಾತು ಹೇಳುತ್ತೇನೆ: ಕಾಂಟ್ರಾಸ್ಟ್ ಬಲಗೈಗೆ, ಹಿಂದೆ ಸಲೈನ್, ಒಂದು ಮಿಲಿಮೀಟರ್ ಸ್ಲೈಸ್ ನನ್ನ ಪರದೆಗೆ. ನಿಮ್ಮ ಮೆಷಿನ್‌ನಲ್ಲಿ ಗೇಟಿಂಗ್ ಇದ್ದರೆ ಅದನ್ನೂ ಸೇರಿಸಿ. ಇಲ್ಲದಿದ್ದರೆ ಗ್ಯಾಂಟ್ರಿ ಸುತ್ತಿನ ಸಮಯ ಎಷ್ಟು ಅಂತ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ, ರೋಗಿಯ ನಾಡಿಯ ಪಕ್ಕ ಆ ಸಂಖ್ಯೆ ಇಟ್ಟುಕೊಂಡೇ ಅಯೋರ್ಟಾ ನೋಡಿ.