ಪಟ್ಟಿಯಲ್ಲಿ 71, ವಿವರಣೆಯಲ್ಲಿ 72

ಪಿಎಚ್‌ಡಿ ಪ್ರಬಂಧ ಬೇರೆಯವರ ಬರಹವನ್ನು ಹೋಲುತ್ತದೆ ಎಂಬ ತೊಂದರೆ ಹೊತ್ತು ಈ ವರ್ಷ ನನ್ನ ಬಳಿಗೆ ಬಂದವರಲ್ಲಿ ಈಕೆ ನಾಲ್ಕನೆಯವಳು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಅವಳ ಒಪ್ಪಿಗೆಯೂ ಇದೆ.

ಕಾಸರಗೋಡಿನ ಗಡಿ ಹಳ್ಳಿಯವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಿಎಚ್‌ಡಿ ಇಂಗ್ಲಿಷಿನಲ್ಲಿ. ಅಡಿಕೆ ಮರದ ಬುಡಕ್ಕೆ ನಾಲ್ಕು ಬಗೆಯ ಹೊದಿಕೆ ಹಾಕಿ, ಇಳುವರಿ ಹೇಗೆ ಬದಲಾಗುತ್ತದೆ ಎಂದು ನೋಡಿದ್ದಳು. ನಕಲು ಹುಡುಕುವ ತಂತ್ರಾಂಶದಲ್ಲಿ ಪ್ರಬಂಧದ ಸಾಮ್ಯತೆ 31 ಶೇಕಡಾ ಬಂದಿತ್ತು. ಯುಜಿಸಿಯ 2018ರ ನಿಯಮದಲ್ಲಿ 10 ಶೇಕಡಾದವರೆಗೆ ದಂಡವಿಲ್ಲ. 10 ದಾಟಿ 40ರವರೆಗೆ ಇದ್ದರೆ, ಆರು ತಿಂಗಳಿಗೆ ಮೀರದ ಗಡುವಿನೊಳಗೆ ತಿದ್ದಿ ಕೊಡಬೇಕು. ಅವಳಿಗೆ ಗಡುವು ಸಿಕ್ಕಿತ್ತು, ನಿದ್ದೆ ಹೋಗಿತ್ತು.

ಕೆಂಪು ಗೆರೆ ಬಿದ್ದಿದ್ದು ಹೆಚ್ಚಾಗಿ ಸಂಖ್ಯಾಶಾಸ್ತ್ರದ ವಿಧಾನ ಬರೆದ ಪುಟಗಳಿಗೆ. ಅವಳ ಮಾರ್ಗದರ್ಶಕರ ತಂಡ ಹಿಂದೆ ಮಾಡಿದ ಇಂಥದೇ ಪ್ರಯೋಗದ ಪೇಪರ್‌ನಿಂದ ಆ ಪುಟಗಳು ಬಂದಿದ್ದವು. "ವಿಧಾನ ಒಂದೇ ಅಲ್ವಾ ಟೀಚರೇ, ಬೇರೆ ಎಂಥ ಬರೆಯುದು?" ಎಂದಳು. ಯಾರೋ ಹೇಳಿದ್ದರಂತೆ, ಪದ ಬದಲಿಸು ಸಾಕು ಎಂದು. ಬದಲಿಸಿದ್ದಳು ಕೂಡ. ರ‍್ಯಾಂಡಮ್ ಎಂಬಲ್ಲಿ 'ಅಡ್ಡಾದಿಡ್ಡಿ' ಎಂಬರ್ಥದ ಇಂಗ್ಲಿಷ್ ಪದ. ಸಿಗ್ನಿಫಿಕೆಂಟ್ ಇದ್ದಲ್ಲಿ 'ಮಹತ್ವದ'. ನಾರ್ಮಲ್ ಡಿಸ್ಟ್ರಿಬ್ಯೂಷನ್ ಹೋಗಿ 'ಸಾಮಾನ್ಯ ಹಂಚಿಕೆ'ಯಂಥ ಏನೋ.

ಇದು ತುಂಬ ಅಪಾಯದ ಕೆಲಸ. ಈ ಪದಗಳು ಅಲಂಕಾರಕ್ಕೆ ಇರುವವಲ್ಲ, ಒಂದೊಂದಕ್ಕೂ ಒಂದೇ ಗೊತ್ತಾದ ಅರ್ಥ. ವ್ಯತ್ಯಾಸ ತೀರಾ ಸಣ್ಣದಿದ್ದರೂ ಸಿಗ್ನಿಫಿಕೆಂಟ್, ಅಂದರೆ ಬರೀ ಆಕಸ್ಮಿಕ ಎನ್ನಲು ಕಷ್ಟವಾದದ್ದು, ಆಗಬಹುದು, ಆದರೆ ರೈತನಿಗೆ ಅದು ಮಹತ್ವದ್ದಾಗಬೇಕೆಂದಿಲ್ಲ. ಇಂಥ ತಿರುಚಿದ ಪದಗಳನ್ನೇ ಹುಡುಕಿ ಅನುಮಾನದ ಪೇಪರ್‌ಗಳನ್ನು ಪತ್ತೆ ಮಾಡುವ ಸಂಶೋಧಕರೂ ಇದ್ದಾರೆ. ಗೆರೆ ಮಾಯವಾಗಬಹುದು, ಆದರೆ ವಾಕ್ಯದ ಎಲುಬು ಹಳೆಯದೇ ಆಗಿರುತ್ತದೆ, ಅರ್ಥವೂ ಕೆಟ್ಟಿರುತ್ತದೆ.

ಮೂರನೇ ಭೇಟಿಯಲ್ಲಿ ಹಳೆಯ ಪೇಪರ್ ಮುಚ್ಚಿಸಿದೆ. ಅವಳ ಪ್ರಬಂಧವನ್ನೂ ಮುಚ್ಚಿಸಿದೆ. ಅಳತೆಯ ಎಕ್ಸೆಲ್ ಹಾಳೆ ಮಾತ್ರ ತೆರೆದಿಡಲು ಹೇಳಿದೆ. "ಇಂಗ್ಲಿಷ್ ಬೇಡ. ತೋಟದಲ್ಲಿ ನಿಂತು ಅಮ್ಮನಿಗೆ ಹೇಳುವ ಹಾಗೆ ಹೇಳು. ಏನು ತೂಗಿದೆ, ಎಷ್ಟು ಮರ, ಎಷ್ಟು ಸಲ?"

ಅವಳು ಮೊದಲು ತಡವರಿಸಿದಳು. ಆಮೇಲೆ ಹೇಳಿದಳು. ಒಂದು ಹೊದಿಕೆಗೆ ಆರು ಮರ, ಒಟ್ಟು 24. ಪ್ರತಿ ಮರದ ಒಣ ಚಾಲಿ ತೂಕ, ಮೂರು ವರ್ಷ.

"ಹಾಗಾದರೆ 72 ತೂಕ ಇರಬೇಕು," ಎಂದೆ. ಹಾಳೆಯಲ್ಲಿ 71 ಇತ್ತು.

"ಒಂದು ಮರ ಮೂರನೇ ವರ್ಷ ಗಾಳಿಗೆ ಮುರಿಯಿತು ಟೀಚರೇ."

"ನಿನ್ನ ಪ್ರಬಂಧದಲ್ಲಿ ಎಷ್ಟಿದೆ?"

ತೆರೆದು ನೋಡಿದೆವು. 72 ಎಂದಿತ್ತು. ಹಳೆಯ ಪೇಪರ್‌ನಲ್ಲೂ 72. ಆದರೆ ಅಲ್ಲಿ 72 ಬೇರೆ ಬೇರೆ ಮರಗಳು, ಒಂದೊಂದನ್ನೂ ಒಂದೇ ಸಲ ತೂಗಿದ್ದರು. ವಾಕ್ಯದ ಜೊತೆ ಸಂಖ್ಯೆಯೂ ನಕಲಾಗಿ ಬಂದಿತ್ತು. ವಿಶ್ಲೇಷಣೆಯೂ ಅದರ ಹಿಂದೆಯೇ ಬಂದಿತ್ತು: ಎಲ್ಲ ತೂಕಗಳನ್ನೂ ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡು ಗುಂಪುಗಳ ಸರಾಸರಿ ಹೋಲಿಸುವ ಏಕಮುಖ ಅನೋವಾ ಪರೀಕ್ಷೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಮೊದಲ ವರ್ಷ ಚೆನ್ನಾಗಿ ಬಿಟ್ಟ ಮರ, ಎರಡನೇ ವರ್ಷ?"

"ಅದು ಯಾವಾಗಲೂ ಜಾಸ್ತಿ ಬಿಡುವ ಮರ," ಎಂದಳು. ಹೇಳಿದ ಮೇಲೆ ಸುಮ್ಮನಾದಳು. ಅವಳಿಗೇ ಅರ್ಥವಾಗಿತ್ತು.

ಒಂದೇ ಮರದ ಮೂರು ತೂಕಗಳು ಮೂರು ಬೇರೆ ಸಾಕ್ಷಿಗಳಲ್ಲ. ಒಬ್ಬನೇ ಸಾಕ್ಷಿ ಮೂರು ಸಲ ಮಾತಾಡಿದ ಹಾಗೆ. 72 ಬೇರೆ ಮರಗಳು, ನಾಲ್ಕು ಹೊದಿಕೆ ಎಂದರೆ ದೋಷದ ಅಂದಾಜಿಗೆ 68 ಡಿಗ್ರಿ ಆಫ್ ಫ್ರೀಡಮ್, ಅಂದರೆ ಸ್ವತಂತ್ರ ಮಾಹಿತಿಯ ತುಣುಕುಗಳು, ಉಳಿಯುತ್ತವೆ. 24 ಮರಕ್ಕೆ ಉಳಿಯುವುದು 20. ಇರುವ 20ನ್ನು 68ರ ಹತ್ತಿರ ಎಂದು ತೋರಿಸಿದರೆ, ಸುಮ್ನೆ ಬಂದ ವ್ಯತ್ಯಾಸವೂ ಸಿಗ್ನಿಫಿಕೆಂಟ್ ಎಂದು ಕಾಣುವ ಸಾಧ್ಯತೆ ಹೆಚ್ಚುತ್ತದೆ. ಹುಸಿ ಪುನರಾವರ್ತನೆ ಎಂದು ನಾವು ಕರೆಯುವುದು ಇದನ್ನೇ.

ಮರಕ್ಕೊಂದು ಸರಾಸರಿ ತೆಗೆದು 24 ಅಂಕಿಗಳ ಮೇಲೆ ಅನೋವಾ ಮಾಡುವುದು ಸುಲಭದ ದಾರಿ. ಆದರೆ ಮುರಿದ ಮರಕ್ಕೆ ಎರಡೇ ವರ್ಷದ ಸರಾಸರಿ. ಮೂರನೇ ವರ್ಷ ಎಲ್ಲ ಮರಗಳಿಗೂ ಒಳ್ಳೆಯ ಫಸಲು ಬಂದಿದ್ದರೆ ಆ ಮರಕ್ಕೆ ಅನ್ಯಾಯ. ಅದಕ್ಕೆ ಮಿಕ್ಸೆಡ್ ಮಾಡೆಲ್ ಆರಿಸಿದೆವು. ಹೊದಿಕೆಯ ಪರಿಣಾಮ ಬೇರೆ, ವರ್ಷದ್ದು ಬೇರೆ, ಆ ಮರದ ಸ್ವಂತ ಸ್ವಭಾವ ಬೇರೆ ಎಂದು ಇದು ಬಿಡಿಸಿ ನೋಡುತ್ತದೆ. R ತಂತ್ರಾಂಶದ lme4 ಪ್ಯಾಕೇಜಿನಲ್ಲಿ ಒಂದೇ ಸಾಲು:

```
lmer(tooka ~ hodike + factor(varsha) + (1 | mara), data = tota)
```

ಕೊನೆಯ ಆವರಣದಲ್ಲಿ ಇರುವುದೇ 'ಯಾವಾಗಲೂ ಜಾಸ್ತಿ ಬಿಡುವ ಮರ' ಎಂಬ ಅವಳ ಮಾತು.

ಆಮೇಲೆ ಬರೆಯಲು ಕೂರಿಸಿದೆ, ಕನ್ನಡದಲ್ಲೇ. ಅವಳು ಬರೆದದ್ದು ಹೀಗಿತ್ತು: "24 ಮರಗಳ ಚಾಲಿ ತೂಕವನ್ನು ಮೂರು ವರ್ಷ ದಾಖಲಿಸಿದೆವು. ಮೂರನೇ ವರ್ಷ ಒಂದು ಮರ ಗಾಳಿಗೆ ಮುರಿದದ್ದರಿಂದ 71 ತೂಕಗಳು ಸಿಕ್ಕಿದವು. ಒಂದೇ ಮರದ ತೂಕಗಳು ಒಂದನ್ನೊಂದು ಹೋಲುತ್ತವೆ. ಆದ್ದರಿಂದ ಮರವನ್ನು ರ‍್ಯಾಂಡಮ್ ಎಫೆಕ್ಟ್ ಆಗಿ, ಹೊದಿಕೆ ಮತ್ತು ವರ್ಷವನ್ನು ಫಿಕ್ಸೆಡ್ ಎಫೆಕ್ಟ್ ಆಗಿ ಇಟ್ಟೆವು. ಹೊದಿಕೆ ಹಾಕಿದ ಮತ್ತು ತೂಗಿದ ಕ್ರಮ ನಮ್ಮ ತಂಡದ ಹಿಂದಿನ ಪೇಪರ್‌ನದು." ಕೊನೆಯ ವಾಕ್ಯದ ಪಕ್ಕದಲ್ಲಿ ಆ ಪೇಪರ್‌ನ ಉಲ್ಲೇಖ. ಇದನ್ನೇ ಇಂಗ್ಲಿಷಿಗೆ ಇಳಿಸಿದಳು. ಹಳೆಯ ಪೇಪರ್ ತೆರೆದದ್ದು ಅದಾದ ಮೇಲೆ, ತಪ್ಪು ಉಳಿದಿದೆಯೇ ಎಂದು ನೋಡಲು ಮಾತ್ರ.

ನನ್ನ ಸಲಹೆಗೆ ಆಕ್ಷೇಪ ಬಂದಿದೆ. ವಿಧಾನದ ವಿವರಣೆಯನ್ನು ಎಷ್ಟು ಬಗೆಯಲ್ಲಿ ಬರೆಯಲು ಸಾಧ್ಯ, ಮಕ್ಕಳನ್ನು ಯಾಕೆ ಹಿಂಸಿಸುತ್ತೀರಿ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಅವರ ಮಾತಿನಲ್ಲಿ ಅರ್ಧ ನಿಜ. ಪರೀಕ್ಷೆಯ ಹೆಸರು, ಸೂತ್ರ, '5 ಶೇಕಡಾ ಮಟ್ಟದಲ್ಲಿ' ಎಂಬಂಥ ಮಾತು ಎಲ್ಲರದೂ ಒಂದೇ. ಯುಜಿಸಿ ನಿಯಮವೇ ಸ್ಟ್ಯಾಂಡರ್ಡ್ ಸಂಕೇತ, ಸಮೀಕರಣಗಳನ್ನು ಸಾಮ್ಯತೆಯ ಲೆಕ್ಕದಿಂದ ಹೊರಗಿಟ್ಟಿದೆ. ಅವನ್ನು ಮುಟ್ಟಬೇಡ ಎಂದೇ ನಾನೂ ಹೇಳುವುದು. ಇಡೀ ಕ್ರಮ ನಿಜವಾಗಿ ಒಂದೇ ಆಗಿದ್ದರೆ ಹಿಂದಿನ ಪೇಪರ್ ಹೆಸರಿಸಿ, ಮುಖ್ಯ ಹೆಜ್ಜೆ ಎರಡು ಸಾಲಿನಲ್ಲಿ ಹೇಳಿ, ನಿನ್ನಲ್ಲಿ ಬೇರೆಯಾದದ್ದನ್ನು ಬಿಡಿಸಿ ಬರೆ. ಉಲ್ಲೇಖ ಬಿಟ್ಟರೆ ಎಷ್ಟೇ ಸ್ವಂತ ಮಾತಾದರೂ ಅದು ಕದ್ದ ವಿಚಾರವೇ.

ಆದರೆ ಉಳಿದರ್ಧವನ್ನು ನಾನು ಒಪ್ಪಲಾರೆ. ಪೇಪರ್ ಪಕ್ಕದಲ್ಲಿಟ್ಟು ಬರೆದಿದ್ದರೆ ಆ ಮುರಿದ ಮರ ಯಾರಿಗೂ ಕಾಣುತ್ತಿರಲಿಲ್ಲ. ವಿಧಾನ ಒಂದೇ ಎಂದು ಅವಳು ಪ್ರಾಮಾಣಿಕವಾಗಿಯೇ ನಂಬಿದ್ದಳು.

ಹೊಸ ವಿಶ್ಲೇಷಣೆಯಲ್ಲಿ ಎರಡು ಹೊದಿಕೆಗಳ ನಡುವಿನ ವ್ಯತ್ಯಾಸ ಸಿಗ್ನಿಫಿಕೆಂಟ್ ಆಗಿ ಉಳಿಯಲಿಲ್ಲ. ಅವಳು ಅತ್ತಳು. ಒಂದು ಅಧ್ಯಾಯದ ತೀರ್ಮಾನವನ್ನೇ ಬದಲಿಸಬೇಕಾಯಿತು. ಮಾರ್ಗದರ್ಶಕರಿಗೆ ತಾನೇ ಹೇಳುತ್ತೇನೆ ಎಂದಳು, ಎಕ್ಸೆಲ್ ಹಾಳೆ ಹಿಡಿದುಕೊಂಡು ಹೋಗಿ ಹೇಳಿದಳು. ಅವರು ಮೊದಲು ಸಿಟ್ಟಾದರಂತೆ, ಆಮೇಲೆ ಕೂತು 71 ಸಾಲನ್ನೂ ಎಣಿಸಿದರಂತೆ.

ಎರಡನೇ ಸಲದ ವರದಿಯಲ್ಲಿ ಆ ಪುಟಗಳ ಮೇಲೆ ಮೂರು ಕಡೆ ಮಾತ್ರ ಗೆರೆ ಇತ್ತು. ಮೂರೂ ಪರೀಕ್ಷೆಯ ಮತ್ತು ಪ್ಯಾಕೇಜಿನ ಹೆಸರುಗಳು. "ಇದನ್ನೂ ಬದಲಿಸಬೇಕಾ ಟೀಚರೇ?" ಎಂದು ಫೋನ್ ಮಾಡಿದಳು. ಬೇಡ ಎಂದೆ.